ಹೋಟೆಲಿನ ಎಂಜಲು ತಟ್ಟೆ: ಯಂತ್ರವೋ, ಮೂರು ತೊಟ್ಟಿಯೋ?

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಮದ್ದೂರು, ಮಂಡ್ಯ ದಾಟುವವರಿಗೆ ವಡೆ ಮತ್ತು ಕಾಫಿಗೆ ನಿಲ್ಲುವುದು ಬಹುಕಾಲದ ಅಭ್ಯಾಸ. 2023ರಲ್ಲಿ ಹೊಸ ಹೆದ್ದಾರಿ ಈ ಎರಡೂ ಊರುಗಳನ್ನು ಬಳಸಿಕೊಂಡು ಹೋದ ಮೇಲೆ ಊರೊಳಗಿನ ರಸ್ತೆಯ ಹೋಟೆಲುಗಳ ವ್ಯಾಪಾರ ಇಳಿಯಿತು. ಉಳಿದುಕೊಂಡವರ ಮುಂದೆ ಈಗ ಇನ್ನೊಂದು ಪ್ರಶ್ನೆ ಇದೆ. ತಟ್ಟೆ ಲೋಟ ತೊಳೆಯಲು ಆಳು ಸಿಗುವುದು ಕಷ್ಟ. ಯಂತ್ರ ಮಾರುವವರು ಬಂದು, ಇದೊಂದನ್ನು ಕೂಡಿಸಿದರೆ ನಾಲ್ಕು ಜನರ ಕೆಲಸ ಮುಗಿಯಿತು ಎನ್ನುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಯಂತ್ರಕ್ಕಿಂತ ಹೆಚ್ಚಾಗಿ ನಿಮ್ಮ ಕೊಳವೆ ಬಾವಿಯ ನೀರನ್ನೂ ಆ ನೀರು ಎಷ್ಟು ಬಿಸಿಯಾಗಬಲ್ಲುದು ಎಂಬುದನ್ನೂ ಅವಲಂಬಿಸಿದೆ. ಈ ಲೇಖನದಲ್ಲಿ ಅದನ್ನೇ ಲೆಕ್ಕ ಹಾಕಿ ನೋಡೋಣ.

ಕೈ ತಾಳುವ ಬಿಸಿ

ಮೊದಲು ಕೈಯಿಂದ ತೊಳೆಯುವ ಸರಿಯಾದ ಕ್ರಮ ಯಾವುದೆಂದು ತಿಳಿದುಕೊಳ್ಳಬೇಕು. ನಮ್ಮ ಅನೇಕ ಹೋಟೆಲುಗಳಲ್ಲಿ ಹಿತ್ತಿಲ ಕಡೆ ಒಂದೇ ತೊಟ್ಟಿ ಇರುತ್ತದೆ. ಸೋಪು ಹಚ್ಚಿದ ತಟ್ಟೆಯನ್ನು ಅದೇ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ನೀರು ತಿಳಿಸಾರಿನ ಬಣ್ಣಕ್ಕೆ ಬಂದಿರುತ್ತದೆ. ಇದು ತೊಳೆಯುವುದಲ್ಲ, ಒಬ್ಬರ ಎಂಜಲನ್ನು ಎಲ್ಲರಿಗೂ ಹಂಚುವುದು. ಮೂರು ತೊಟ್ಟಿಯ ಕ್ರಮದಲ್ಲಿ ಒಂದೊಂದು ತೊಟ್ಟಿಗೂ ಒಂದೊಂದೇ ಕೆಲಸ: ಮೊದಲನೆಯದರಲ್ಲಿ ಮಾರ್ಜಕದ ಬಿಸಿನೀರಿನಿಂದ ಜಿಡ್ಡು ತೆಗೆಯುವುದು, ಎರಡನೆಯದರಲ್ಲಿ ಶುದ್ಧ ನೀರಿನಿಂದ ಮಾರ್ಜಕವನ್ನು ಜಾಲಿಸುವುದು, ಮೂರನೆಯದರಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು. ಇವಕ್ಕೂ ಮೊದಲು ಎಂಜಲನ್ನು ಕೆರೆದು ತೆಗೆಯುವ ಕೆಲಸವಿದೆ. ಅದನ್ನು ಬಿಟ್ಟರೆ ಮೂರು ತೊಟ್ಟಿಯೂ ಅರ್ಧ ಗಂಟೆಯಲ್ಲಿ ಕೆಡುತ್ತವೆ.

ಮೊದಲ ತೊಟ್ಟಿಯ ನೀರು ಕನಿಷ್ಠ 43 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮಟ್ಟ. ಇದಕ್ಕೆ ಕಾರಣ ಸರಳವಾದದ್ದು. ತುಪ್ಪ, ವನಸ್ಪತಿ, ತಾಳೆ ಎಣ್ಣೆಯ ಗಟ್ಟಿಯಾಗುವ ಅಂಶ ಇವೆಲ್ಲ ಹೆಚ್ಚುಕಡಿಮೆ ಮೈ ಬಿಸಿಯ ಆಸುಪಾಸಿನಲ್ಲಿ ಕರಗುತ್ತವೆ. ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಎಷ್ಟು ಉಜ್ಜಿದರೂ ಜಿಡ್ಡು ತಟ್ಟೆಯ ಮೇಲೆ ಹರಡುತ್ತದೆಯೇ ಹೊರತು ಬಿಡುವುದಿಲ್ಲ. ಇನ್ನೊಂದು ಕಡೆ, 48–50 ಡಿಗ್ರಿ ದಾಟಿದರೆ ಕೈ ಹೆಚ್ಚು ಹೊತ್ತು ತಾಳಲಾರದು. ಹೀಗಾಗಿ ಕೈಯಿಂದ ತೊಳೆಯುವವನಿಗೆ ಸಿಗುವ ಬಿಸಿಯ ಅಂತರ ಬರೀ ಐದಾರು ಡಿಗ್ರಿ. ಜಿಡ್ಡು ತೆಗೆಯಲು ಅದು ಸಾಕು. ರೋಗಾಣು ಕೊಲ್ಲಲು ಸಾಲದು. ಆ ಕೊರತೆಯನ್ನು ತುಂಬುವುದಕ್ಕೇ ಮೂರನೆಯ ತೊಟ್ಟಿ ಇರುವುದು.

ಮೂರನೆಯ ತೊಟ್ಟಿಯನ್ನು ಎರಡು ರೀತಿಯಲ್ಲಿ ನಡೆಸಬಹುದು. ಒಂದು, 77 ಡಿಗ್ರಿಯ ನೀರಿನಲ್ಲಿ ಹಿಡಿಯಿರುವ ತಂತಿ ಬುಟ್ಟಿಯೊಳಗೆ ಪಾತ್ರೆ ಜೋಡಿಸಿ 30 ಸೆಕೆಂಡು ಮುಳುಗಿಸುವುದು. ಇಡ್ಲಿ ಬಾಯ್ಲರ್ ಇರುವ ಹೋಟೆಲಿಗೆ ಇದು ಕಷ್ಟವಲ್ಲ. ಆದರೆ ಬಿಸಿ ಇಳಿಯುತ್ತಾ ಹೋಗುತ್ತದೆ ಎಂಬುದನ್ನು ಮರೆಯಬಾರದು. 60 ಲೀಟರ್ ತೊಟ್ಟಿಗೆ 10 ಕಿಲೋ ತೂಕದ ಉಕ್ಕಿನ ತಟ್ಟೆಗಳ ಒಂದು ಬುಟ್ಟಿ ಇಳಿಸಿದರೆ ನೀರಿನ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. ಬೆಳಿಗ್ಗೆ 80ಕ್ಕೆ ತುಂಬಿಸಿಟ್ಟ ನೀರು ಹತ್ತು ಬುಟ್ಟಿಯ ಹೊತ್ತಿಗೆ 70ಕ್ಕೆ ಬಂದಿರುತ್ತದೆ. ಗಾಳಿಗೆ ಹೋಗುವ ಬಿಸಿ ಇದರ ಮೇಲೆ ಬೇರೆ. ಕೆಳಗೆ ಬರ್ನರ್ ಅಥವಾ ಹೀಟರ್ ಸದಾ ಉರಿಯುತ್ತಿರಬೇಕು, ಪಕ್ಕದಲ್ಲಿ ಥರ್ಮಾಮೀಟರ್ ಇರಬೇಕು.

ಇನ್ನೊಂದು ರೀತಿ ಕ್ಲೋರಿನ್. ಅಂಗಡಿಯಲ್ಲಿ ಸಿಗುವ 4 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 150 ಮಿ.ಲೀ. ತೆಗೆದುಕೊಂಡು 60 ಲೀಟರ್ ನೀರಿಗೆ ಬೆರೆಸಿದರೆ ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಪಾತ್ರೆ ಒಂದು ನಿಮಿಷ ಮುಳುಗಿದ್ದರೆ ಸಾಕು. ಬಳಸುತ್ತಾ ಹೋದಂತೆ ಇದು 50ಕ್ಕೆ ಇಳಿದರೆ ನೀರು ಬದಲಿಸಬೇಕು. ಇಳಿದದ್ದನ್ನು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ತಿಳಿಯಲಾಗದು. ಕ್ಲೋರಿನ್ ಅಳೆಯುವ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಬೇಕು. ಬಿಸಿಲಿನಲ್ಲಿಟ್ಟ ಹಳೆಯ ಕ್ಯಾನಿನಲ್ಲಿ ಲೇಬಲ್ ಮೇಲೆ 4 ಎಂದಿದ್ದರೂ ಒಳಗೆ ಅಷ್ಟು ಇರುವುದಿಲ್ಲ.

ನಡುವಿನ ತೊಟ್ಟಿಯನ್ನು ದಂಡವೆಂದು ತಿಳಿದು ಬಿಟ್ಟುಬಿಡುವವರೇ ಹೆಚ್ಚು. ಆದರೆ ಕ್ಲೋರಿನ್ ಕೆಲಸ ಮಾಡುವುದೂ ಬಿಡುವುದೂ ಆ ತೊಟ್ಟಿಯ ಮೇಲೆ ನಿಂತಿದೆ. ನೀರಿನಲ್ಲಿ ಕರಗಿದ ಕ್ಲೋರಿನ್ ಹೈಪೋಕ್ಲೋರಸ್ ಆಮ್ಲವಾಗಿ ಇದ್ದಾಗ ಸೂಕ್ಷ್ಮಜೀವಿಯ ಕೋಶದೊಳಗೆ ನುಗ್ಗಿ ಬೇಗ ಕೊಲ್ಲುತ್ತದೆ. ನೀರು ಕ್ಷಾರೀಯವಾದಷ್ಟೂ ಆ ಆಮ್ಲದ ಪಾಲು ಕಡಿಮೆಯಾಗುತ್ತದೆ, ಪಿಎಚ್ 7.5ರಲ್ಲಿ ಅರ್ಧದಷ್ಟಿರುವುದು ಪಿಎಚ್ 8.5ಕ್ಕೆ ಹೋದರೆ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಸೋಪಿನ ನೊರೆ ಹೊತ್ತ ತಟ್ಟೆಯನ್ನು ನೇರವಾಗಿ ಮೂರನೆಯ ತೊಟ್ಟಿಗೆ ಇಳಿಸಿದರೆ ಆಗುವುದು ಇದೇ. ಸಾಂಬಾರಿನ ಕಣಗಳೂ ಕ್ಲೋರಿನ್ನನ್ನು ತಿಂದುಹಾಕುತ್ತವೆ.

ಯಂತ್ರದ ಭರವಸೆ, ಹೀಟರಿನ ಮಿತಿ

ಈಗ ಯಂತ್ರಕ್ಕೆ ಬರೋಣ. ಮಧ್ಯಮ ಹೋಟೆಲಿಗೆ ಹೊಂದುವುದು ಮೇಲಿನ ಮುಚ್ಚಳವನ್ನು ಎತ್ತಿ ಇಳಿಸುವ ಬಗೆ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಪ್ಲಾಸ್ಟಿಕ್ ರ್ಯಾಕಿನಲ್ಲಿ ಪಾತ್ರೆ ಜೋಡಿಸಿ ಒಳಗೆ ತಳ್ಳಿದರೆ, ಕೆಳಗಿನ ತೊಟ್ಟಿಯಲ್ಲಿರುವ 60–65 ಡಿಗ್ರಿಯ ಮಾರ್ಜಕದ ನೀರನ್ನು ಪಂಪು ಮೇಲಿನಿಂದಲೂ ಕೆಳಗಿನಿಂದಲೂ ರಭಸವಾಗಿ ಎರಚುತ್ತದೆ. ಈ ನೀರು ಸೋಸಿಕೊಂಡು ಮತ್ತೆ ಮತ್ತೆ ಬಳಕೆಯಾಗುತ್ತದೆ. ಕೊನೆಯ ಹತ್ತು ಹದಿನೈದು ಸೆಕೆಂಡುಗಳಲ್ಲಿ ಬೇರೊಂದು ಬಾಯ್ಲರಿನಿಂದ ಕನಿಷ್ಠ 82 ಡಿಗ್ರಿಯ ಹೊಸ ನೀರು, ರ್ಯಾಕಿಗೆ ಸುಮಾರು 3 ಲೀಟರಿನಂತೆ, ಸಿಂಪಡಣೆಯಾಗುತ್ತದೆ. ಈ ನೀರಿನಿಂದ ತಟ್ಟೆಯ ಮೈ 71 ಡಿಗ್ರಿ ಮುಟ್ಟಬೇಕು. ಮುಟ್ಟಿದರೆ ಕ್ಲೋರಿನ್ ಬೇಕಿಲ್ಲ. ಹಾಗೆಂದು 90 ಡಿಗ್ರಿ ದಾಟಿಸಿದರೂ ಪ್ರಯೋಜನವಿಲ್ಲ, ನೀರು ತಟ್ಟೆಗೆ ತಾಗುವ ಮೊದಲೇ ಆವಿಯಾಗತೊಡಗುತ್ತದೆ.

ಕೈ ತಾಳದ ಬಿಸಿಯನ್ನು ಬಳಸುವುದೇ ಯಂತ್ರದ ನಿಜವಾದ ಲಾಭ. ಆ ಬಿಸಿ ಎಲ್ಲಿಂದ ಬರುತ್ತದೆಂದು ಲೆಕ್ಕ ಹಾಕಿ. ಮದ್ದೂರಿನ ಒಂದು ಹೋಟೆಲಿನಲ್ಲಿ ಬೆಳಗಿನ ದಟ್ಟಣೆಯ ಒಂದು ಗಂಟೆಗೆ 250 ಜನ ತಿಂಡಿ ತಿನ್ನುತ್ತಾರೆ ಎಂದಿಟ್ಟುಕೊಳ್ಳಿ. 250 ತಟ್ಟೆಗೆ ರ್ಯಾಕಿಗೆ 16ರಂತೆ 16 ರ್ಯಾಕು. ಸಾಂಬಾರು ಬಟ್ಟಲಿಗೆ 10. ನೀರಿನ ಲೋಟ, ಕಾಫಿ ಲೋಟ ಸೇರಿ 500ಕ್ಕೆ 20. ಒಟ್ಟು 46 ರ್ಯಾಕು, ಕೊನೆಯ ಸಿಂಪಡಣೆಗೆ 138 ಲೀಟರ್ ನೀರು. ಈ ನೀರನ್ನು 27 ಡಿಗ್ರಿಯಿಂದ 82ಕ್ಕೆ ಏರಿಸಲು ಸುಮಾರು 9 ಯೂನಿಟ್ ವಿದ್ಯುತ್ ಬೇಕು. ಅಂದರೆ ಬಾಯ್ಲರಿನ ಹೀಟರ್ 9 ಕಿಲೋವಾಟ್ ಇರಬೇಕು.

ಅಗ್ಗಕ್ಕೆ ಸಿಕ್ಕಿತೆಂದು 6 ಕಿಲೋವಾಟ್ ಹೀಟರಿನ ಯಂತ್ರ ತಂದರೆ? ಅದೇ ಗಂಟೆಯಲ್ಲಿ ಅದೇ 46 ರ್ಯಾಕು ಹಾಕಿದರೆ ನೀರು 27ರಿಂದ 64 ಡಿಗ್ರಿಗೆ ಮಾತ್ರ ಏರುತ್ತದೆ. ಒಳ್ಳೆಯ ಯಂತ್ರವಾದರೆ ಬಿಸಿಯಾಗುವವರೆಗೆ ತಾನೇ ಕಾಯುತ್ತದೆ, ಹೊರಗೆ ರ್ಯಾಕುಗಳ ಸಾಲು ಬೆಳೆಯುತ್ತದೆ. ಕಾಯದ ಯಂತ್ರವಾದರೆ ತಟ್ಟೆಗಳು ಹೊಳೆಯುತ್ತಾ ಹೊರಬರುತ್ತವೆ, ಆದರೆ ಮೂರನೆಯ ತೊಟ್ಟಿಯ ಕೆಲಸ ಮಾತ್ರ ಆಗಿರುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಎರಡನೆಯದು ಒಂದೇ ತೊಟ್ಟಿಯ ಹೋಟೆಲಿಗಿಂತ ಹೆಚ್ಚು ಮೋಸಗೊಳಿಸುವಂಥದ್ದು, ಏಕೆಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಯಂತ್ರದ ಮುಂಭಾಗದ ಅಂಕಿ ಬಾಯ್ಲರಿನೊಳಗಿನ ಬಿಸಿಯನ್ನು ತೋರಿಸುತ್ತದೆಯೇ ಹೊರತು ತಟ್ಟೆಯ ಬಿಸಿಯನ್ನಲ್ಲ. 71 ಡಿಗ್ರಿಗೆ ಕಪ್ಪಾಗುವ ಅಂಟುಪಟ್ಟಿಗಳು ಸಿಗುತ್ತವೆ. ಒಂದನ್ನು ರ್ಯಾಕಿನ ನಡುವಿನ ತಟ್ಟೆಗೆ ಅಂಟಿಸಿ, ಜನ ಹೆಚ್ಚಿರುವ ಹೊತ್ತಿನಲ್ಲೇ ಕಳಿಸಿ ನೋಡಿ. ಬೆಳಿಗ್ಗೆ ಆರಕ್ಕೆ ಖಾಲಿ ಯಂತ್ರದಲ್ಲಿ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ.

ಇದಕ್ಕೊಂದು ಸುಲಭ ಪರಿಹಾರವೂ ಇದೆ. ಚಾವಣಿಯ ಮೇಲಿನ ಸೌರ ಜಲತಾಪಕದಿಂದ 55 ಡಿಗ್ರಿಯ ನೀರನ್ನು ಬಾಯ್ಲರಿಗೆ ಕೊಟ್ಟರೆ ಅದೇ 138 ಲೀಟರಿಗೆ ನಾಲ್ಕೂವರೆ ಯೂನಿಟಿನೊಳಗೆ ಕೆಲಸವಾಗುತ್ತದೆ. 6 ಕಿಲೋವಾಟ್ ಧಾರಾಳವಾಗಿ ಸಾಕು. ಇಷ್ಟು ಬಿಸಿಯ ನೀರನ್ನು ನಿಮ್ಮ ಯಂತ್ರದ ಒಳಬರುವ ಕೊಳವೆ ಒಪ್ಪುತ್ತದೆಯೇ ಎಂದು ಕೊಳ್ಳುವ ಮೊದಲು ಕೇಳಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾಗಿತ್ತಾದರೂ ಅದೇ ತಾಲ್ಲೂಕಿನ ಹೋಟೆಲಿನವರಿಗೆ ಕರೆಂಟು ಹೋಗುವುದು ಹೊಸತೇನಲ್ಲ. ಈ ಹೀಟರುಗಳನ್ನು ಸಾಧಾರಣ ಇನ್ವರ್ಟರ್ ಎಳೆಯಲಾರದು. ಆದ್ದರಿಂದ ಯಂತ್ರ ಬಂತೆಂದು ಹಳೆಯ ತೊಟ್ಟಿಗಳನ್ನು ಒಡೆಯಬೇಡಿ.

ಗಡಸು ನೀರಿನ ತಕರಾರು

ಕಾವೇರಿ ನೀರು ಬರುವ ಮಂಡ್ಯ ಪಟ್ಟಣದ ಹೋಟೆಲಿಗೂ ಕೊಳವೆ ಬಾವಿಯನ್ನೇ ನೆಚ್ಚಿದ ಹೋಟೆಲಿಗೂ ಇಲ್ಲಿ ದಾರಿ ಬೇರೆಯಾಗುತ್ತದೆ. ಗ್ರಾನೈಟ್ ಮತ್ತು ನೈಸ್ ಶಿಲೆಯ ಬಿರುಕುಗಳಿಂದ ಬರುವ ಅಂತರ್ಜಲದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿರಬಹುದು. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿ ಇಟ್ಟಿದೆ, ಬೇರೆ ನೀರು ಸಿಗದಿದ್ದರೆ 600ರವರೆಗೆ ಸಹಿಸಬಹುದೆನ್ನುತ್ತದೆ. ಯಂತ್ರಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 100ಕ್ಕಿಂತ ಕೆಳಗೆ. ಕುಡಿಯಲು ಆಗುವ ನೀರು ಯಂತ್ರಕ್ಕೆ ಆಗದಿರಬಹುದು.

ಕಾರಣವಿಷ್ಟೇ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆದು ಸುಣ್ಣದಕಲ್ಲಾಗಿ ಹೆಪ್ಪುಗಟ್ಟುತ್ತದೆ. ದಿನಕ್ಕೆ 250 ರ್ಯಾಕು, ಅಂದರೆ 750 ಲೀಟರ್ ನೀರು. ಅದರಲ್ಲಿ ಹೀಗೆ ಒಡೆಯುವ ಗಡಸುತನ ಲೀಟರಿಗೆ 250 ಮಿಲಿಗ್ರಾಂ ಎಂದುಕೊಂಡರೆ ದಿನಕ್ಕೆ 187 ಗ್ರಾಂ ಆಯಿತು. ಅದರಲ್ಲಿ ಕಾಲುಭಾಗ ಮಾತ್ರ ಅಂಟಿಕೊಂಡರೂ ತಿಂಗಳಿಗೆ ಸುಮಾರು 1.4 ಕಿಲೋ ಕಲ್ಲು ಹೀಟರಿನ ಸುರುಳಿಗೂ ಸಿಂಪಡಣೆಯ ಸಣ್ಣ ತೂತುಗಳಿಗೂ ಸೇರುತ್ತದೆ. ಮೊದಲು ಸಿಂಪಡಣೆ ಓರೆಯಾಗುತ್ತದೆ, ಆಮೇಲೆ ನೀರು ಬಿಸಿಯಾಗಲು ತಡವಾಗುತ್ತದೆ, ಕೊನೆಗೆ ಹೀಟರ್ ಸುಟ್ಟುಹೋಗುತ್ತದೆ. ತೊಳೆದ ಗಾಜಿನ ಲೋಟದ ಮೇಲೆ ಬಿಳಿ ಮಸುಕು ಕಾಣುವುದು ಇದರ ಮುನ್ಸೂಚನೆ.

ಪರಿಹಾರ ನೀರನ್ನು ಮೆದುಗೊಳಿಸುವ ಅಯಾನು ವಿನಿಮಯದ ಉಪಕರಣ. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಸೋಡಿಯಮ್ಮನ್ನು ಬಿಡುತ್ತವೆ. ಒಟ್ಟು ಗಡಸುತನ 400 ಇರುವ ನೀರು ದಿನಕ್ಕೆ 800 ಲೀಟರ್ ಬೇಕಾದರೆ ತೆಗೆಯಬೇಕಾದದ್ದು 320 ಗ್ರಾಂ. 10 ಲೀಟರ್ ರಾಳ ಸುಮಾರು 500 ಗ್ರಾಂ ಹಿಡಿಯುತ್ತದೆ, ಅಂದರೆ ಒಂದೂವರೆ ದಿನಕ್ಕೊಮ್ಮೆ ಒಂದು, ಒಂದೂವರೆ ಕಿಲೋ ಉಪ್ಪಿನ ದ್ರಾವಣ ಹಾಯಿಸಿ ರಾಳವನ್ನು ಮತ್ತೆ ಸಿದ್ಧಗೊಳಿಸಬೇಕು. ಈ ಉಪ್ಪು ಹಾಕುವ ಕೆಲಸ ಯಾರದ್ದೆಂದು ಮೊದಲೇ ನಿಗದಿಯಾಗಿರದಿದ್ದರೆ ಎರಡು ತಿಂಗಳಲ್ಲಿ ಅದು ನಿಂತುಹೋಗುತ್ತದೆ.

ಗಾಜಿನ ಮಸುಕು ಎಲ್ಲ ಸಲವೂ ಸುಣ್ಣದ್ದಲ್ಲ. ಒಂದು ಹೋಳು ನಿಂಬೆಹಣ್ಣಿನಿಂದ ಉಜ್ಜಿ ನೋಡಿ. ಮಸುಕು ಹೋದರೆ ಅದು ಸುಣ್ಣ. ನೀರನ್ನು ಮೆದುಗೊಳಿಸುವ ಉಪಕರಣ ಕೆಲಸ ಮಾಡುತ್ತಿಲ್ಲ. ಹೋಗದಿದ್ದರೆ ಗಾಜೇ ಸವೆದಿದೆ; ಅತಿ ಮೆದು ನೀರು, ಅತಿ ಬಿಸಿ, ಅತಿ ಮಾರ್ಜಕ ಸೇರಿದಾಗ ಹೀಗಾಗುತ್ತದೆ ಮತ್ತು ಅದನ್ನು ಸರಿಪಡಿಸಲಾಗದು. ಹಾಗಿದ್ದರೆ ಮಾರ್ಜಕ ಕಡಿಮೆ ಮಾಡಬೇಕು. ನಿಂಬೆ ಸುಣ್ಣವನ್ನು ಕರಗಿಸುವಂತೆಯೇ ಯಂತ್ರದ ಒಳಗಿನ ಕಲ್ಲು ತೆಗೆಯಲು ಆಮ್ಲ ಬಳಸುತ್ತಾರೆ. ಆ ಹೊತ್ತಿನಲ್ಲಿ ಹೈಪೋಕ್ಲೋರೈಟ್ ಅಥವಾ ಕ್ಲೋರಿನ್ ಬೆರೆತ ಮಾರ್ಜಕ ಅದರೊಂದಿಗೆ ಎಂದೂ ಬೆರೆಯಬಾರದು. ಬೆರೆತರೆ ಕ್ಲೋರಿನ್ ಅನಿಲವೇ ಏಳುತ್ತದೆ. ಮುಚ್ಚಿದ ಅಡಿಗೆಮನೆಯಲ್ಲಿ ಅದು ಪ್ರಾಣಕ್ಕೆ ಅಪಾಯ.

ಮಾರ್ಜಕ ಎರಡಕ್ಕೂ ಒಂದಲ್ಲ

ಕೈಯಿಂದ ತೊಳೆಯುವ ದ್ರವಮಾರ್ಜಕ ಚರ್ಮಕ್ಕೆ ಸೌಮ್ಯವಾಗಿದ್ದು ನೊರೆ ಕೊಡುತ್ತದೆ. ಖರ್ಚು ಉಳಿಯಿತೆಂದು ಅದನ್ನೇ ಯಂತ್ರಕ್ಕೆ ಹಾಕಿದರೆ ತೊಟ್ಟಿಯ ತುಂಬ ನೊರೆ ಏಳುತ್ತದೆ, ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ, ಎರಚುವ ರಭಸವೇ ಇರುವುದಿಲ್ಲ. ಯಂತ್ರದ ಮಾರ್ಜಕದಲ್ಲಿ ನೊರೆ ಇರುವುದಿಲ್ಲ, ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರ ಇರುತ್ತದೆ. ಅದು ಜಿಡ್ಡನ್ನು ಸಾಬೂನಾಗಿಸಿ ಬಿಡಿಸುತ್ತದೆ. ಲೀಟರಿಗೆ 1ರಿಂದ 3 ಗ್ರಾಂ ಸಾಕು. ಬರಿಗೈಯಿಂದ ಮುಟ್ಟುವಂತಿಲ್ಲ. ಅಲ್ಯೂಮಿನಿಯಂ ಇಡ್ಲಿ ತಟ್ಟೆ, ಬೋಸಿಗಳನ್ನಂತೂ ಯಂತ್ರಕ್ಕೆ ಹಾಕಲೇಬಾರದು. ಕ್ಷಾರ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ, ಒಂದೇ ಸಲಕ್ಕೆ ಪಾತ್ರೆ ಕಪ್ಪಾಗಿ ಮಂಕಾಗುತ್ತದೆ.

ಮಂಡ್ಯ ಸೀಮೆಯಲ್ಲಿ ಯಂತ್ರವನ್ನು ಸೋಲಿಸುವ ಪದಾರ್ಥವೊಂದಿದೆ, ಅದು ರಾಗಿಮುದ್ದೆ. ಬೆಂದ ರಾಗಿಯ ಪಿಷ್ಟ ಒಣಗಿದರೆ ಅಂಟಿನ ಪದರದಂತೆ ಕೂರುತ್ತದೆ. ಕೆಲವೇ ಸೆಕೆಂಡು ಎರಚುವ ನೀರಿಗೆ ಅದು ಜಗ್ಗುವುದಿಲ್ಲ. ಊಟದ ತಟ್ಟೆಗಳನ್ನು ಕೆರೆದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಬೇಕು, ಬಳಿಕವೇ ಯಂತ್ರ. ಮೊಟ್ಟೆ, ಹಾಲು ಹತ್ತಿದ ಪಾತ್ರೆಗೂ ಇದೇ ಕ್ರಮ. ನೇರವಾಗಿ 60 ಡಿಗ್ರಿಯ ನೀರು ತಾಗಿದರೆ ಪ್ರೋಟೀನು ಹೆಪ್ಪುಗಟ್ಟಿ ಇನ್ನೂ ಬಿಗಿಯುತ್ತದೆ. ಒಗ್ಗರಣೆಯ ಸಾಸಿವೆ, ಕರಿಬೇವು, ತೆಂಗಿನ ಚೂರುಗಳು ಜಾಲರಿ ಸರಿಯಾಗಿ ಕೂರದಿದ್ದರೆ ಎರಚುವ ತೋಳಿನೊಳಗೆ ಸೇರುತ್ತವೆ. ತಟ್ಟೆಗಳು ಒಂದೇ ಮಗ್ಗುಲಲ್ಲಿ ಜಿಡ್ಡಾಗಿ ಬರುತ್ತಿದ್ದರೆ ಮಾರ್ಜಕ ಹೆಚ್ಚಿಸುವ ಮೊದಲು ಆ ತೋಳನ್ನು ಬಿಚ್ಚಿ ಅಲ್ಲಾಡಿಸಿ ನೋಡಿ. ದಟ್ಟಣೆ ಇದ್ದಾಗ ಎರಡು ಗಂಟೆಗೊಮ್ಮೆ ಯಂತ್ರದ ತೊಟ್ಟಿಯ ನೀರು ಬದಲಿಸಬೇಕು.

ಒಣಗುವುದು, ಒಡೆಯುವುದು

ತೊಳೆದ ತಟ್ಟೆಯನ್ನು ಬಟ್ಟೆಯಿಂದ ಒರೆಸುವುದು ನಮ್ಮ ಕೆಟ್ಟ ಅಭ್ಯಾಸಗಳಲ್ಲೊಂದು. ಮಾಣಿಯ ಹೆಗಲ ಮೇಲಿನ ಬಟ್ಟೆ ಮೂರನೆಯ ತೊಟ್ಟಿಯ ಕೆಲಸವನ್ನೆಲ್ಲ ಅಳಿಸಿಹಾಕುತ್ತದೆ. ಪಾತ್ರೆ ಗಾಳಿಯಲ್ಲಿಯೇ ಒಣಗಬೇಕು. ಯಂತ್ರದಿಂದ ಬಂದ ತಟ್ಟೆ ತನ್ನ ಬಿಸಿಯಿಂದಲೇ ಒಣಗುತ್ತದೆ ಎನ್ನುತ್ತಾರಲ್ಲ, ಅದು ಪಿಂಗಾಣಿಯ ಮಟ್ಟಿಗೆ ನಿಜ. ಅರ್ಧ ಕಿಲೋ ಪಿಂಗಾಣಿ ತಟ್ಟೆ 75 ಡಿಗ್ರಿಯಿಂದ 40ಕ್ಕೆ ಇಳಿಯುವಾಗ ಬಿಡುವ ಶಾಖ ಲೆಕ್ಕದ ಪ್ರಕಾರ 6 ಗ್ರಾಂ ನೀರನ್ನು ಆವಿಯಾಗಿಸಬಲ್ಲುದು. ಅರ್ಧ ಪೋಲಾದರೂ 3 ಗ್ರಾಂ ಒಣಗುತ್ತದೆ. ಕಾಲು ಕಿಲೋ ಉಕ್ಕಿನ ತಟ್ಟೆಯಲ್ಲಿ ಅದು 2 ಗ್ರಾಮಿಗೂ ಕಡಿಮೆ, ಅದರಲ್ಲೂ ಅರ್ಧ ಪೋಲು. ಮೆಲಮೈನ್ ತಟ್ಟೆ ಶಾಖವನ್ನು ಮೈಗೆ ನಿಧಾನವಾಗಿ ಕೊಡುತ್ತದೆ, ನೀರೂ ಅದರ ಮೇಲೆ ಹನಿಹನಿಯಾಗಿ ನಿಲ್ಲುತ್ತದೆ. ಹನಿ ಕಟ್ಟದೆ ನೀರು ತೆಳುವಾಗಿ ಹರಿದುಹೋಗಲೆಂದು ಕೊನೆಯ ಸಿಂಪಡಣೆಗೆ ಮೇಲ್ಮೈ ಎಳೆತ ಇಳಿಸುವ ಒಂದು ದ್ರವವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಅದು ಹೆಚ್ಚಾದರೆ ಲೋಟದ ಮೇಲೆ ನೀಲಿ ಛಾಯೆಯ ಗೆರೆ, ಕಡಿಮೆಯಾದರೆ ಹನಿಯ ಕಲೆ.

ಉಕ್ಕಿನ ತಟ್ಟೆ ಬಳಸುವವರಿಗೆ ಎರಡೂ ಕ್ರಮದಲ್ಲಿ ಓರೆಯಾಗಿ ನಿಲ್ಲಿಸುವ ಜಾಲರಿ ಸ್ಟ್ಯಾಂಡು, ಗಾಳಿ ಆಡುವ ಜಾಗ ಬೇಕೇ ಬೇಕು. ಒದ್ದೆ ತಟ್ಟೆಗಳನ್ನು ಒಂದರೊಳಗೊಂದು ಅಡಕಿದರೆ ನಡುವಿನ ನೀರು ಮಳೆಗಾಲದಲ್ಲಿ ರಾತ್ರಿಯಿಡೀ ಆರುವುದಿಲ್ಲ; ಬೆಳಿಗ್ಗೆ ಬರುವ ಮುಗ್ಗಲು ವಾಸನೆ ಅದರದ್ದೇ.

ಒಡೆಯುವುದರ ವಿಷಯದಲ್ಲಿ ಯಂತ್ರದ ಮೇಲೆ ಹೊರಿಸುವ ತಪ್ಪು ಹೆಚ್ಚಾಗಿ ಅದರ ಹೊರಗೆ ಆಗಿರುತ್ತದೆ. ಮಾಣಿ ತಂದು ಸುರಿಯುವ ಮೇಜಿನ ಮೇಲೆ ಉಕ್ಕಿನ ತಟ್ಟೆಯೂ ಪಿಂಗಾಣಿ ಕಪ್ಪೂ ಒಂದಕ್ಕೊಂದು ತಾಗುತ್ತವೆ. ಕೈತೊಟ್ಟಿಯಲ್ಲಾದರೆ ನೊರೆಯಡಿ ಕಾಣದ ಗಾಜು ತಳಕ್ಕೆ ಬಡಿಯುತ್ತದೆ, ತೊಳೆಯುವವನ ಕೈಯನ್ನೂ ಕೊಯ್ಯುತ್ತದೆ. ಗಾಜನ್ನು ಮೊದಲು, ಬೇರೆಯಾಗಿ ತೊಳೆದು, ತೊಟ್ಟಿಯ ತಳಕ್ಕೆ ರಬ್ಬರ್ ಹಾಸಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಯಂತ್ರದಲ್ಲಿ ಲೋಟಗಳಿಗೆ ಮನೆಮನೆಯಾಗಿ ವಿಂಗಡಿಸಿದ ರ್ಯಾಕನ್ನೇ ಬಳಸಬೇಕು. ಬಯಲು ರ್ಯಾಕಿನಲ್ಲಿ ನೀರಿನ ರಭಸಕ್ಕೆ ಅವು ಕುಣಿದು ಅಂಚು ಒಡೆಯುತ್ತವೆ. ಯಂತ್ರದ್ದೇ ಆದ ತಪ್ಪು ಒಂದಿದೆ: 80 ಡಿಗ್ರಿಯಲ್ಲಿ ಹೊರಬಂದ ಲೋಟಕ್ಕೆ ತಕ್ಷಣ ಐಸ್ ಹಾಕಿದ ರಸ ಸುರಿದರೆ ಒಳಮೈ ಕುಗ್ಗಿ, ಹೊರಮೈ ಕುಗ್ಗದೆ ಗಾಜು ಬಿರಿಯುತ್ತದೆ. ಬಿರುಕು ಉದ್ದಕ್ಕೆ ಬಾಗಿ ಓಡಿದ್ದರೆ ಅದು ಶಾಖದ್ದು. ಅಂಚಿನಲ್ಲಿ ಚಿಪ್ಪಿನಾಕಾರದ ಚೂರು ಹಾರಿದ್ದರೆ ಅದು ಪೆಟ್ಟಿನದು. ಒಡೆದದ್ದನ್ನು ತೊಟ್ಟಿಗೆ ಎಸೆಯುವ ಮೊದಲು ಎಲ್ಲಿ ಒಡೆಯಿತೆಂದು ಗೋಡೆಯ ಹಾಳೆಯಲ್ಲಿ ಒಂದು ಗೀರು ಹಾಕಿಸಿ: ಮೇಜು, ತೊಟ್ಟಿ, ಯಂತ್ರ, ಅಡಕುವ ಜಾಗ, ಹಾಲ್. ತಿಂಗಳ ಕೊನೆಗೆ ಯಾವ ಜಾಗದಲ್ಲಿ ಗೀರು ಹೆಚ್ಚೋ ಅಲ್ಲಿ ಸರಿಪಡಿಸಬೇಕು. ಸಂಬಳದಲ್ಲಿ ಹಿಡಿಯುವ ಕ್ರಮವಿದ್ದರೆ ಯಾರೂ ಗೀರು ಹಾಕುವುದಿಲ್ಲ ಎಂಬುದು ಬೇರೆ ಮಾತು.

ಹಾಗಾದರೆ ಯಾರಿಗೆ ಯಾವುದು? ಪಿಂಗಾಣಿ ತಟ್ಟೆ ಬಳಸುವ, ದಿನವಿಡೀ ಜನ ಬರುವ, ಸೌರ ಬಿಸಿನೀರೂ ಮೆದು ನೀರೂ ಇರುವ ಮಂಡ್ಯದ ಹೋಟೆಲಿಗೆ ಯಂತ್ರ ಒಳ್ಳೆಯದೇ. ಉಕ್ಕಿನ ತಟ್ಟೆ, ಗಡಸು ಕೊಳವೆ ಬಾವಿ, ಬೆಳಿಗ್ಗೆ ಎರಡು ಗಂಟೆ ಮಾತ್ರ ದಟ್ಟಣೆ ಇರುವ ಮದ್ದೂರಿನ ತಿಂಡಿ ಹೋಟೆಲಿಗೆ ಮೂರು ತೊಟ್ಟಿ, ಥರ್ಮಾಮೀಟರ್, ಕ್ಲೋರಿನ್ ಪಟ್ಟಿ ಇವು ಯಂತ್ರಕ್ಕಿಂತ ಹೆಚ್ಚು ಭದ್ರ. ಮಳವಳ್ಳಿಯ ಕಲ್ಯಾಣ ಮಂಟಪಕ್ಕೆ ಊಟ ಬಾಳೆಲೆಯ ಮೇಲೆ. ಅಲ್ಲಿ ತೊಳೆಯಬೇಕಾದದ್ದು ರ್ಯಾಕಿಗೆ ಹಿಡಿಸದ ಕೊಳಗ, ಹಂಡೆಗಳು ಮತ್ತು ಒಂದೇ ಹೊತ್ತಿಗೆ ರಾಶಿಯಾಗಿ ಬೀಳುವ ನೂರಾರು ಲೋಟಗಳು. ಆ ಲೋಟಗಳಿಗೆ ತಂತಿ ಬುಟ್ಟಿಯೊಂದಿಗೆ 77 ಡಿಗ್ರಿಯ ತೊಟ್ಟಿಯೇ ಸಾಕು, ಅಡಿಗೆಯ ಒಲೆ ಹೇಗೂ ಪಕ್ಕದಲ್ಲಿ ಉರಿಯುತ್ತಿರುತ್ತದೆ.